ಲೇಅಪ್ ಕಲಿಸುವಾಗ ಬಾಲ್ ಆಮೇಲೆ ಕೊಡಿ

ಶಿರಸಿಯ ಮಳೆಗೆ ಸಿಮೆಂಟಿನ ಬಾಸ್ಕೆಟ್‌ಬಾಲ್ ಕೋರ್ಟ್ ಪಾಚಿಗಟ್ಟಿ ಜಾರುತ್ತದೆ, ಗೊತ್ತಲ್ವಾ. ಹಾಗಂತ ಮಕ್ಕಳನ್ನು ಸುಮ್ನೆ ಕೂರಿಸಬೇಡಿ. ಲೇಅಪ್‌ನ ಹೆಜ್ಜೆ ಕಲಿಸಲು ಶಾಲೆಯ ಜಗಲಿ ಸಾಕು, ಬಾಲೂ ಬೇಡ.

ಬಲಗೈ ಲೇಅಪ್‌ಗೆ ಬಲಗಾಲು, ಎಡಗಾಲು, ಜಿಗಿತ. ಎಡಗಾಲಲ್ಲಿ ಮೇಲೇಳುವಾಗ ಬಲ ಮಂಡಿ ಮತ್ತು ಬಲಗೈ ಒಟ್ಟಿಗೆ ಏಳಬೇಕು. ನಡೆಯುತ್ತಾ "ಬಲ, ಎಡ, ಮೇಲೆ" ಎಂದು ಬಾಯಲ್ಲೇ ಹೇಳಿಸಿ. ಓಡುವ ಆತುರ ಬೇಡ.

ನೆಲ ಒಣಗಿದ ಮೇಲೆ ರಿಂಗಿನ ಬಲಬದಿಗೆ, ಬೋರ್ಡಿಗೆ ಓರೆಯಾಗಿ, ಒಂದು ಹೆಜ್ಜೆ ದೂರದಲ್ಲಿ ನಿಲ್ಲಿಸಿ. ಎಡಗಾಲಿಟ್ಟು ಜಿಗಿದು, ಬೋರ್ಡಿನ ಚೌಕದ ಬಲ ಮೇಲ್ಮೂಲೆಗೆ ಬಾಲನ್ನು ಮೆಲ್ಲಗೆ ತಾಗಿಸಲಿ. ಇದು ಕೂತರೆ ಎರಡು ಹೆಜ್ಜೆ. ಆಮೇಲೆ ಒಂದೇ ಡ್ರಿಬಲ್: ಎಡಗಾಲು ಇಡುತ್ತಾ ಬಾಲ್ ಕುಟ್ಟಬೇಕು, ಬಲಗಾಲಿಗೆ ಎರಡೂ ಕೈಯಲ್ಲಿ ಹಿಡಿಯಬೇಕು, ಮತ್ತೆ ಎಡಗಾಲಲ್ಲಿ ಜಿಗಿಯಬೇಕು. ಎಡಗೈಗೆ ಎಲ್ಲ ತಿರುಗಾಮುರುಗಾ.

ವೇಗ ಕೊಟ್ಟ ಕೂಡಲೇ ಎಡವಟ್ಟು ಶುರು. ಹುಡುಗರು ಮೇಲಕ್ಕೆ ಜಿಗಿಯದೆ ಮುಂದಕ್ಕೆ ಹಾರುತ್ತಾರೆ. ಬಾಲ್ ಬೋರ್ಡಿಗೆ ಜೋರಾಗಿ ಬಡಿದು ವಾಪಸ್ ಬರುತ್ತದೆ. ಕೈ ನೋಡಬೇಡಿ, ಕಾಲು ಎಲ್ಲಿ ಇಳಿಯಿತು ನೋಡಿ. ರಿಂಗ್ ದಾಟಿ ಕೋರ್ಟಿನ ಹೊರಗೆ ಇಳಿದರೆ ಮುಂದಕ್ಕೆ ಹಾರಿದ್ದೇ ಸೈ. ಮೊದಲ ಹೆಜ್ಜೆ ಉದ್ದ, ಕೊನೆಯದು ಗಿಡ್ಡ ಮಾಡಿಸಿ. ಜಿಗಿಯುವ ಜಾಗಕ್ಕೆ ಸೀಮೆಸುಣ್ಣದ ಗೆರೆ ಹಾಕಿದರೆ ಬೇಗ ಸರಿಹೋಗುತ್ತದೆ.

ಕೊನೆಗೆ ಮೂರು ಪಾಯಿಂಟ್ ಗೆರೆಯಿಂದ ಓಡಿಸಿ, ಎರಡು ಹೆಜ್ಜೆ ಹಿಂದೆ ಒಬ್ಬನನ್ನು ಅಟ್ಟಿಸಿ. ಅವನು ಸದ್ದು ಮಾಡಲಿ, ಮೈ ಮುಟ್ಟಬಾರದು. ಗಾಳಿಯಲ್ಲಿದ್ದಾಗ ಹಿಂದಿನಿಂದ ತಳ್ಳಿದರೆ ಕೈಕಾಲು ಮುರಿಯಬಹುದು. ಬಲಗಾಲಲ್ಲಿ ಜಿಗಿಯಲು ಶುರು ಮಾಡಿದವನನ್ನು ಒಂದು ಡ್ರಿಬಲ್‌ಗೇ ವಾಪಸ್ ಕಳಿಸಿ.