ಮೊಟ್ಟೆ, ಚಿಕನ್ ಬರೆದಿದ್ದ ಡಯಟ್ ಚಾರ್ಟನ್ನು ಮಾವನ ತಟ್ಟೆಗೆ ಹೊಂದಿಸಿದ್ದು

ನಾವು ವಿಜಯಪುರ ಕಡೆಯವರು, ಈಗ ಪುಣೆಯ ಕೊಥ್ರೂಡ್‌ನಲ್ಲಿದ್ದೇವೆ. ಮಾವನವರಿಗೆ ಸಕ್ಕರೆ ಕಾಯಿಲೆ ಇದೆ. ಡಯಟಿಷಿಯನ್ ಕೊಟ್ಟ ಚಾರ್ಟನ್ನು ಅತ್ತೆ ಅಲ್ಲೇ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿದರು. ಅಚ್ಚಾದ ಫಾರಂ, ಅದರ ಮೇಲೆ ಪೆನ್ನಿನಲ್ಲಿ ತಿದ್ದಿದ್ದರು. ಬೆಳಿಗ್ಗೆಗೆ ಎರಡು ಮೊಟ್ಟೆಯ ಬಿಳಿಭಾಗ, ಎರಡು ಬ್ರೆಡ್. ರಾತ್ರಿಗೆ 100 ಗ್ರಾಂ ಚಿಕನ್ ಅಥವಾ ಮೀನು, ಒಂದು ಫುಲ್ಕಾ, ಸೂಪ್, ಪಲ್ಯ. ನಮ್ಮದು ಪೂರ್ತಿ ಸಸ್ಯಾಹಾರಿ ಮನೆ.

ಮೊದಲು ಮಾಡಿದ ಕೆಲಸ, ಫೋಟೋ ನೋಡಿ ಒಂದೊಂದು ಸಾಲನ್ನೂ ನೋಟ್‌ಬುಕ್ಕಿಗೆ ಇಳಿಸಿದ್ದು. ಫೋಟೋ ನೋಡುತ್ತಲೇ ಅಡುಗೆ ಮಾಡಲು ಹೋದರೆ ಅನುಮಾನದ ಜಾಗಗಳನ್ನು ಕಣ್ಣು ತಾನೇ ತುಂಬಿಕೊಂಡುಬಿಡುತ್ತದೆ. ಬರೆಯುವಾಗ ಮಾತ್ರ ಅವು ಎದ್ದು ಕಾಣುತ್ತವೆ. ಮಡಿಕೆ ಬಿದ್ದ ಜಾಗದಲ್ಲಿ ಅರ್ಧವೋ ಒಂದೂವರೆಯೋ ತಿಳಿಯುತ್ತಿರಲಿಲ್ಲ. ಎಣ್ಣೆಯ ಮುಂದಿನ ಟಿ ಅಕ್ಷರ ಸಣ್ಣದಾದರೆ ಟೀ ಚಮಚ, ದೊಡ್ಡದಾದರೆ ಊಟದ ದೊಡ್ಡ ಚಮಚ. ಅದು ಮೂರುಪಟ್ಟು ವ್ಯತ್ಯಾಸ. ಬೇಳೆಗೆ ಬರೆದ 30 ಗ್ರಾಂ ಹಸಿ ಬೇಳೆಯ ತೂಕವೋ, ಬೇಯಿಸಿದ ಮೇಲಿನದೋ? ಅನುಮಾನ ಬಂದ ಕಡೆಯೆಲ್ಲ ಪ್ರಶ್ನೆ ಚಿಹ್ನೆ ಹಾಕಿ, ಆ ಪುಟದ ಫೋಟೋವನ್ನು ಡಯಟಿಷಿಯನ್‌ಗೇ ಕಳಿಸಿದೆ. ಎಣ್ಣೆ ದಿನಕ್ಕೆ ಮೂರು ಟೀ ಚಮಚ, ಬೇಳೆ ಹಸಿ ತೂಕ ಅಂತ ಉತ್ತರ ಬಂತು.

ಆಮೇಲೆ ಚಾರ್ಟನ್ನು ಸಮಾಧಾನವಾಗಿ ನೋಡಿದರೆ, ಬದಲಿಸಬೇಕಾದ್ದು ಎರಡೇ ಜಾಗ ಅಂತ ಗೊತ್ತಾಯಿತು. ಮಧ್ಯಾಹ್ನದ ಫುಲ್ಕಾ, ಬೇಳೆ, ಪಲ್ಯ, ಮೊಸರು ನಮ್ಮದೇ ಊಟ. ಹಣ್ಣು, ಸಂಜೆಯ ಪುಟಾಣಿ, ಮಲಗುವಾಗಿನ ಹಾಲು ಯಾವುದನ್ನೂ ಮುಟ್ಟಬೇಕಿರಲಿಲ್ಲ. ಕಷ್ಟ ಇದ್ದದ್ದು ಬೆಳಗಿನ ಮೊಟ್ಟೆ ಮತ್ತು ರಾತ್ರಿಯ ಚಿಕನ್‌ನಲ್ಲಿ.

ಮೊಟ್ಟೆ ತೆಗೆದು ಹೆಸರುಕಾಳು ಇಟ್ಟರೆ ಮುಗಿಯಿತು ಅನ್ನುವವರೇ ಜಾಸ್ತಿ. ಆದರೆ ಎರಡು ಮೊಟ್ಟೆಯ ಬಿಳಿಭಾಗದಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಬಿಟ್ಟರೆ ಬೇರೇನೂ ಇಲ್ಲ, ಪಿಷ್ಟ ಇಲ್ಲವೇ ಇಲ್ಲ. ಕಾಳಿನಲ್ಲಿ ಪ್ರೋಟೀನ್ ಜೊತೆಗೆ ಅದರ ಎರಡು ಪಟ್ಟಿಗಿಂತ ಜಾಸ್ತಿ ಪಿಷ್ಟ ಬರುತ್ತದೆ. ಬ್ರೆಡ್ ಹಾಗೇ ಉಳಿಸಿ ಕಾಳು ಸೇರಿಸಿದರೆ ಸಕ್ಕರೆ ಏರುತ್ತದೆ. ಅದಕ್ಕೆ ನಾನು ಮೊಟ್ಟೆ ಮತ್ತು ಬ್ರೆಡ್ಡನ್ನು ಜೋಡಿಯಾಗಿಯೇ ತೆಗೆದೆ. 40 ಗ್ರಾಂ ಹೆಸರುಕಾಳು ನೆನೆಸಿ, ಹಸಿಮೆಣಸಿನಕಾಯಿ, ಶುಂಠಿ ಹಾಕಿ ರುಬ್ಬಿದರೆ ಎರಡು ದೋಸೆ ಆಗುತ್ತವೆ. ಅದರಲ್ಲಿ 9 ಗ್ರಾಂನಷ್ಟು ಪ್ರೋಟೀನ್ ಇರುತ್ತದೆ, ಪಿಷ್ಟ ಎರಡು ಬ್ರೆಡ್ಡಿನಷ್ಟೇ. ಲೆಕ್ಕ ಸರಿಹೋಯಿತು. ರವೆಯನ್ನೋ ಅಕ್ಕಿಯನ್ನೋ ಸೇರಿಸಿದರೆ ಮಾತ್ರ ಕೆಡುತ್ತದೆ. ವಾರದಲ್ಲಿ ಕೆಲವು ದಿನ ಇದು, ಕೆಲವು ದಿನ ಮೆಂತ್ಯಸೊಪ್ಪು ಹಾಕಿದ ಕಡಲೆಹಿಟ್ಟಿನ ದೋಸೆ. ಇಲ್ಲಿನವರು ಅದನ್ನು ಧಿರಡೆ ಅನ್ನುತ್ತಾರೆ.

ರಾತ್ರಿಯದು ಇಷ್ಟು ಸುಲಭ ಇರಲಿಲ್ಲ. 100 ಗ್ರಾಂ ಚಿಕನ್ ಅಂದರೆ 20 ಗ್ರಾಂ ದಾಟಿದ ಪ್ರೋಟೀನ್, ಕೊಬ್ಬು ಕಡಿಮೆ, ಪಿಷ್ಟ ಸೊನ್ನೆ. ಸಸ್ಯಾಹಾರದಲ್ಲಿ ಅದರ ತದ್ರೂಪ ಯಾವುದೂ ಇಲ್ಲ. ಕಾಳು ಹಾಕಿದರೆ ಪಿಷ್ಟ ಬರುತ್ತದೆ, ಪನೀರ್ ಹಾಕಿದರೆ ಕೊಬ್ಬು ಬರುತ್ತದೆ. ಹಾಗಾಗಿ ಪೂರ್ತಿ 20ನ್ನು ರಾತ್ರಿಯೇ ಹುಡುಕುವುದು ಬಿಟ್ಟೆ. ರಾತ್ರಿ 13ರಿಂದ 15 ಗ್ರಾಂ ಸಾಕು, ಉಳಿದದ್ದನ್ನು ಬೆಳಗಿನ ದೋಸೆ ಜೊತೆ ಒಂದು ಬಟ್ಟಲು ಕೆನೆ ತೆಗೆದ ಮೊಸರಿನಿಂದ ತುಂಬಿಸಬಹುದಾ ಅಂತ ಡಯಟಿಷಿಯನ್‌ನ ಕೇಳಿದೆ. ಒಪ್ಪಿದರು.

ಸೋಯಾ ಚಂಕ್ಸ್ ಎಲ್ಲಕ್ಕಿಂತ ಹತ್ತಿರ ಬರುತ್ತದೆ. ಒಣಗಿದ್ದು 30 ಗ್ರಾಂಗೆ 15 ಗ್ರಾಂ ಪ್ರೋಟೀನ್, ಕೊಬ್ಬು ಇಲ್ಲದಷ್ಟು ಕಡಿಮೆ. ಫುಲ್ಕಾ ಹಾಗೇ ಉಳಿಯುತ್ತದೆ. ಕುದಿಯುವ ನೀರಲ್ಲಿ ಬೇಯಿಸಿ, ಎರಡು ಸಲ ತಣ್ಣೀರಲ್ಲಿ ಹಿಂಡಿ, ಸಣ್ಣಗೆ ಪುಡಿಮಾಡಿ ಈರುಳ್ಳಿ, ಟೊಮೆಟೊ ಜೊತೆ ಭುರ್ಜಿ ಮಾಡುತ್ತೇನೆ. ಹಿಂಡದಿದ್ದರೆ ಹಸಿ ವಾಸನೆ ಉಳಿದು ಮಾವ ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ. ಸೋಮವಾರ, ಗುರುವಾರ ಇದೇ.

ಮಂಗಳವಾರ ಮತ್ತು ಶನಿವಾರ ಪನೀರ್. ಅಂಗಡಿಯ ಪನೀರ್ 75 ಗ್ರಾಂನಲ್ಲಿ ಇರುವ ಕೊಬ್ಬು ಸುಮಾರು ಮೂರು ಟೀ ಚಮಚ ಎಣ್ಣೆಯಷ್ಟು. ಅಂದರೆ ಇಡೀ ದಿನದ ಎಣ್ಣೆ ಆ ತುಂಡುಗಳಲ್ಲೇ ಕೂತಿರುತ್ತದೆ. ಅದಕ್ಕೆ ಅರ್ಧ ಲೀಟರ್ ಡಬಲ್ ಟೋನ್ಡ್ ಹಾಲಿಗೆ ನಿಂಬೆರಸ ಹಿಂಡಿ ಮನೆಯಲ್ಲೇ ಒಡೆಸುತ್ತೇನೆ. ಆ ಹಾಲಿನಲ್ಲಿ ಕೊಬ್ಬು ಶೇಕಡಾ 1.5 ಮಾತ್ರ, ಪ್ರೋಟೀನ್ ಕಡಿಮೆಯಾಗುವುದಿಲ್ಲ. ಸ್ವಲ್ಪ ಗಟ್ಟಿ, ಉದುರುದುರು. ಪಾಲಕ್ ಜೊತೆ ಚೆನ್ನಾಗಿ ಹೊಂದುತ್ತದೆ.

ಬುಧವಾರ ಮಡಕಿ ಕಾಳು. ಇಲ್ಲಿನ ಉಸಳ್ ನಮ್ಮ ಪಲ್ಯದ ಅಕ್ಕನೇ ಅಲ್ವಾ! 60 ಗ್ರಾಂ ಒಣ ಕಾಳನ್ನು ಮೊಳಕೆ ಬರಿಸಿದರೆ ದೊಡ್ಡ ಬಟ್ಟಲಾಗುತ್ತದೆ. ಪ್ರೋಟೀನ್ 13-14 ಗ್ರಾಂ. ಆದರೆ ಪಿಷ್ಟ 30 ಗ್ರಾಂ ದಾಟುತ್ತದೆ, ಎರಡು ಫುಲ್ಕಾದಷ್ಟು. ಆ ರಾತ್ರಿ ಫುಲ್ಕಾ ಇಲ್ಲ, ಕಾಳು, ಸೂಪ್, ಸೌತೆಕಾಯಿ ಅಷ್ಟೇ. ಶುಕ್ರವಾರ ಜುಣಕ. 40 ಗ್ರಾಂ ಕಡಲೆಹಿಟ್ಟಿಗೆ ಒಂದೇ ಚಮಚ ಎಣ್ಣೆ, ಈರುಳ್ಳಿ ಧಾರಾಳ. ಜೊತೆಗೆ ಒಂದು ಬಟ್ಟಲು ಮೊಸರು, ಅರ್ಧ ರೊಟ್ಟಿ. ಭಾನುವಾರ ಮಾವನ ಆಯ್ಕೆ, ಈ ಎಲ್ಲದರಲ್ಲಿ ಒಂದು.

ರೊಟ್ಟಿಯ ಮಾತು ಹೇಳಲೇಬೇಕು. ಜೋಳದ ರೊಟ್ಟಿ ಸಕ್ಕರೆಗೆ ಒಳ್ಳೆಯದು ಅಂತ ಎರಡೆರಡು ತಿನ್ನುವವರಿದ್ದಾರೆ. ನಮ್ಮ ಅತ್ತೆ ಬಡಿಯುವ ಒಂದು ರೊಟ್ಟಿಗೆ 50-60 ಗ್ರಾಂ ಹಿಟ್ಟು ಬೇಕು, ಫುಲ್ಕಾಕ್ಕೆ 25. ಒಂದು ರೊಟ್ಟಿ ಎರಡು ಫುಲ್ಕಾಕ್ಕೆ ಸಮ ಅಂತ ನೋಟ್‌ಬುಕ್ಕಿನಲ್ಲಿ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ. ತೂಗುವಾಗ ಹಿಟ್ಟನ್ನೇ ತೂಗಬೇಕು, ನಾದಿದ ಮುದ್ದೆಯನ್ನಲ್ಲ. ಅದರಲ್ಲಿ ನೀರಿನ ತೂಕ ಸೇರಿರುತ್ತದೆ.

ಏಕಾದಶಿಗೆ ಮಾತ್ರ ಬೇರೆ ಯೋಚನೆ. ಸಾಬುದಾಣಿ ಖಿಚಡಿ ಹೆಚ್ಚುಕಡಿಮೆ ಬರೀ ಪಿಷ್ಟ. ಅದರ ಬದಲು ಒಂದು ರಾಜಗಿರಾ ಭಾಕ್ರಿ, ಮನೆಯ ಪನೀರ್, ಮೊಸರು ಕೊಡುತ್ತೇನೆ. ಉಪವಾಸದ ದಿನ ಮಾತ್ರೆ ಹೇಗೆ ಅನ್ನುವುದನ್ನು ಡಾಕ್ಟರ್ ಹತ್ತಿರವೇ ಕೇಳಿಕೊಂಡಿದ್ದೇವೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದವರು ಪಿಷ್ಟವನ್ನು ಸುಮ್ನೆ ಕಡಿಮೆ ಮಾಡಿದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಬೆವರು, ನಡುಕ ಬಂದರೆ ಅದೇ ಗುರುತು.

ಬದಲಾವಣೆ ಸರಿಯಾಗಿದೆಯಾ ಅಂತ ತಿಳಿಯಲು ಊಟ ಶುರುಮಾಡಿ ಎರಡು ಗಂಟೆಯಾದ ಮೇಲೆ ಗ್ಲುಕೋಮೀಟರ್‌ನಲ್ಲಿ ನೋಡಿ, ಆ ರಾತ್ರಿಯ ಅಡುಗೆಯ ಪಕ್ಕ ಬರೆಯುತ್ತೇನೆ. ಬುಧವಾರದ ಅಂಕಿ ಸೋಮವಾರಕ್ಕಿಂತ ಬಹಳ ಮೇಲೆ ಹೋದರೆ ಕಾಳು 45 ಗ್ರಾಂಗೆ ಇಳಿಸಿ, ಮೇಲೆ ಸ್ವಲ್ಪ ಪನೀರ್ ಉದುರಿಸುತ್ತೇನೆ. ಹೊಟ್ಟೆ ಉಬ್ಬರ ಅಂದರೂ ಅದೇ ಉಪಾಯ.

ಎಷ್ಟು ಹೊಂದಿಸಿದರೂ ತುಂಬದ ಜಾಗವೂ ಒಂದಿದೆ. ಬಿ12 ವಿಟಮಿನ್ ಕಾಳು, ಸೊಪ್ಪು, ಸೋಯಾ ಯಾವುದರಲ್ಲೂ ಸಿಗುವುದಿಲ್ಲ, ಹಾಲು ಮೊಸರಿನಲ್ಲಿ ಸ್ವಲ್ಪ ಇದೆ. ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡವರಲ್ಲಿ ಅದು ಇನ್ನೂ ಇಳಿಯಬಹುದು. ಮಾವನಿಗೆ ಇದರ ರಕ್ತಪರೀಕ್ಷೆ ಮಾಡಿಸಿದ್ದೇವೆ. ಕಿಡ್ನಿ ತೊಂದರೆ ಇರುವವರ ಚಾರ್ಟಿಗೆ ನನ್ನ ಈ ಅಳತೆಗಳನ್ನು ಹಾಕಲೇಬೇಡಿ. ಅವರಿಗೆ ಪ್ರೋಟೀನ್, ಪೊಟ್ಯಾಸಿಯಂ ಎರಡರ ಲೆಕ್ಕವೂ ಬೇರೆ, ಅದನ್ನು ಅವರ ಡಯಟಿಷಿಯನ್ನೇ ಬರೆದುಕೊಡಬೇಕು.