ಕೆಳ ಬರ್ತ್‌ನಲ್ಲೇ ದಿಲ್ಲಿಗೆ ಹೋದೆ, ಒಬ್ಬಳೇ

ಬೆಂಗಳೂರಿನಿಂದ ಹೊಸದಿಲ್ಲಿಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ, ಒಂದಿಡೀ ಹಗಲು. ಇಷ್ಟು ದೂರ ಒಬ್ಬಳೇ ಹೋಗಿದ್ದು ಇದೇ ಮೊದಲು. "ಅಮ್ಮಾ, ನಿನ್ನ ಮಂಡಿಗೆ ಮೇಲಿನ ಬರ್ತ್ ಸಿಕ್ಕರೆ ಏನ್ಮಾಡ್ತೀಯಾ?" ಅಂತ ಮಗ. ಜೊತೆಯಲ್ಲಿ ಪಾಠ ಮಾಡಿದ ಮೇಷ್ಟ್ರಂತೂ ವಿಮಾನದ ದರ ಹೇಳಿ ನಕ್ಕರು.

ಮೊದಲು ಅವರೆಲ್ಲರ ಮಾತಿನಂತೆ ಅಣ್ಣನ ಮಗಳನ್ನೂ ಸೇರಿಸಿ ಒಂದೇ ಟಿಕೆಟ್ ಮಾಡಿಸಿದೆವು. ಸಿಕ್ಕಿದ್ದು ಮಿಡ್ಲ್ ಮತ್ತು ಅಪ್ಪರ್. ಹಿರಿಯರ ಕೆಳ ಬರ್ತ್ ಕೋಟಾದಲ್ಲಿ 45 ದಾಟಿದ ಹೆಂಗಸು ಒಬ್ಬಳೇ ಹೋಗಬೇಕು, ಇಲ್ಲವೇ ಜೊತೆಗಿರುವ ಇನ್ನೊಬ್ಬ ಹೆಂಗಸಿಗೂ ಅಷ್ಟು ವಯಸ್ಸಾಗಿರಬೇಕು, ಗಂಡಸಾದರೆ 60. ಚಿಕ್ಕವರು ಸೇರಿದರೆ ಮುಗೀತು. ರದ್ದು ಮಾಡಿದ್ದಕ್ಕೆ ಥರ್ಡ್ ಎಸಿಯಲ್ಲಿ ತಲೆಗೆ 180 ರೂಪಾಯಿ, ಮೇಲೆ ಜಿಎಸ್‌ಟಿ. ಹಿರಿಯ ಹೆಂಗಸರಿಗಿದ್ದ ಅರ್ಧ ದರದ ರಿಯಾಯಿತಿ 2020ರಲ್ಲೇ ಹೋಯ್ತಲ್ಲ, ಅದರ ಮೇಲೆ ಇದು ಬೇರೆ.

ಆಮೇಲೆ ಒಬ್ಬಳೇ ಅಂತ ನಿರ್ಧಾರ ಮಾಡಿದೆ. ಬುಕಿಂಗ್ 60 ದಿನ ಮುಂಚೆ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. 'ಜನರಲ್' ಬಿಟ್ಟು LOWER BERTH/SR.CITIZEN ಕೋಟಾ ಆರಿಸಿದೆ. ಜನರಲ್‌ನಲ್ಲಿ 'ಲೋವರ್ ಬೇಕು' ಅಂತ ಗುರುತು ಹಾಕುವುದು ಬರೀ ಕೋರಿಕೆ, ಸಿಕ್ಕೇ ಸಿಗುತ್ತದೆ ಅಂತಿಲ್ಲ. ದುಡ್ಡು ಎರಡು ಸಾವಿರ ದಾಟಿತು.

ಬಂದ ಬರ್ತ್ ನಂಬರ್ 36. ಗಣಿತದ ಟೀಚರ್‌ಗೆ ಇಷ್ಟು ಸಾಕು. ಎಂಟರಿಂದ ಭಾಗಿಸಿ: ಶೇಷ 1 ಅಥವಾ 4 ಬಂದರೆ ಕೆಳ ಬರ್ತ್. 36ಕ್ಕೆ ಶೇಷ 4. ಮಗನಿಗೆ ತೋರಿಸಿದೆ, ಸುಮ್ಮನಾದ. ಶೇಷ 7 ಬಂದರೆ ಸೈಡ್ ಲೋವರ್. ಅದೂ ಕೆಳಗೇ ಇರುತ್ತದೆ. ಆದರೆ ಎರಡು ಸೀಟು ಮಡಿಸಿ ಸೇರಿಸಿದ್ದು, ನಡುವಿನ ಸಂದು ಸೊಂಟಕ್ಕೆ ಒತ್ತುತ್ತದೆ. ಸೈಡ್‌ನಲ್ಲಿ ಮೂರು ಬರ್ತ್ ಇರುವ ಬೋಗಿಗಳಲ್ಲಿ ಈ ಲೆಕ್ಕ ನಡೆಯಲ್ಲ.

ಹತ್ತಿದ ಕೂಡಲೇ "ಆಂಟಿ, ಸ್ವಲ್ಪ ಸೀಟ್ ಬದಲಾಯಿಸ್ಕೋತೀರಾ" ಅಂತ ಒಬ್ಬ ಹುಡುಗ ಬಂದ. ಅವನನ್ನು ಹೇಗೆ ಸಾಗಹಾಕಿದೆ ಅಂತ ಹೇಳಲ್ಲ, ಮುಂದಿನ ಸಲಕ್ಕೂ ಬೇಕು. ಹಗಲಿಗೆ ಮಾತ್ರ ನನ್ನ ಯುಕ್ತಿ ನಡೆಯಲಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬರ್ತ್ ನಮ್ಮದು, ಉಳಿದಂತೆ ಮಿಡ್ಲ್‌ನವರೂ ಅಪ್ಪರ್‌ನವರೂ ಅದರ ಮೇಲೇ ಕೂರಬೇಕು. ಮಧ್ಯಾಹ್ನ ಮನಮಾಡ್ ಹತ್ತಿರ ಕಣ್ಣೆಳೆಯಿತು, ಕೂತೇ ತೂಕಡಿಸಿದೆ.

ಊಟದಲ್ಲೂ ಪ್ರಯೋಗ ನಡೆಸಿದೆ. ಚಿತ್ರಾನ್ನ ಸೋಲಾಪುರ ದಾಟುವಷ್ಟರಲ್ಲಿ ವಾಸನೆ ಬಂತು. ಗೊಜ್ಜವಲಕ್ಕಿಯ ಒಣ ಪುಡಿ ಗೆದ್ದಿತು. ಪ್ಯಾಂಟ್ರಿಯವರಿಂದ ಬಿಸಿನೀರು ಹಾಕಿಸಿಕೊಂಡು ಹತ್ತು ನಿಮಿಷ ಮುಚ್ಚಿಟ್ಟರೆ ಊಟ ರೆಡಿ. ಎದುರಿನ ಪಂಜಾಬಿ ಹೆಂಗಸು ಎರಡು ಸಲ ಕೇಳಿ ಹಾಕಿಸಿಕೊಂಡರು.

ವಾಪಸ್ ಟಿಕೆಟ್‌ನಲ್ಲಿ ಬಂದ ನಂಬರ್ 17. ನೀವೇ ಭಾಗಿಸಿ ನೋಡಿ.