ಪಂಪ್ ಓಡುತ್ತದೆ, ನೀರು ಏರುವುದಿಲ್ಲ: ದೋಷ ಹುಡುಕುವುದು ಹೇಗೆ?

ಡೊಂಬಿವಲಿ, ಠಾಣೆ ಕಡೆಯ ಹಳೆಯ ಸೊಸೈಟಿಗಳಲ್ಲಿ ಪಂಪ್ ಕೈಕೊಟ್ಟಾಗ ನಡೆಯುವುದು ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಮೇಲಿನ ಟಾಂಕಿಗೆ ನೀರು ಏರಲಿಲ್ಲ ಎಂದು ವಾಚ್‌ಮನ್ ಹೇಳುತ್ತಾನೆ. ಮಿಸ್ತ್ರಿ ಬಂದು ಮೋಟರ್ ಶುರುವಾಗಲು ಬೇಕಾದ ಕೆಪಾಸಿಟರ್, ನೀರು ಸೋರದಂತೆ ತಡೆಯುವ ಸೀಲ್, ಪೈಪಿನ ನೀರು ಹಿಂದಕ್ಕೆ ಇಳಿಯದಂತೆ ಹಿಡಿಯುವ ಫುಟ್ ವಾಲ್ವ್ ಮೂರನ್ನೂ ಒಂದೇ ಸಲಕ್ಕೆ ಬದಲಾಯಿಸುತ್ತಾನೆ. ನೀರೇನೋ ಬರುತ್ತದೆ. ಮೂರರಲ್ಲಿ ಕೆಟ್ಟಿದ್ದು ಯಾವುದು, ಕೆಟ್ಟಿದ್ದಾದರೂ ಯಾಕೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಅದೇ ತೊಂದರೆ ಮತ್ತೆ ಬಂದಾಗ ಮತ್ತೆ ಮೂರಕ್ಕೂ ದುಡ್ಡು ಕೊಡಬೇಕು.

ಯಾವ ಯಂತ್ರವಾದರೂ ದೋಷ ಹುಡುಕುವ ಕ್ರಮ ಒಂದೇ. ಇಲ್ಲಿ ನೆಲದಡಿಯ ಟಾಂಕಿಯಿಂದ ಮೇಲಿನ ಟಾಂಕಿಗೆ ನೀರೇರಿಸುವ ಮಾಮೂಲಿ ಮೋನೋಬ್ಲಾಕ್ ಪಂಪನ್ನು ಹಿಡಿದುಕೊಂಡು ಆ ಕ್ರಮವನ್ನು ನೋಡೋಣ.

ಕಂಡದ್ದನ್ನು ಮಾತ್ರ ಬರೆಯಿರಿ

‘ಕೆಪಾಸಿಟರ್ ಹೋಗಿದೆ’ ಎನ್ನುವುದು ಲಕ್ಷಣವಲ್ಲ, ಊಹೆ. ‘ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ಹಿಂದಿನ ಫ್ಯಾನ್ ತಿರುಗುವುದಿಲ್ಲ’ ಎನ್ನುವುದು ಲಕ್ಷಣ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಇಷ್ಟನ್ನೇ ಒಂದು ಪುಸ್ತಕದಲ್ಲಿ ಬರೆಯಿರಿ. ಯಾವಾಗಿನಿಂದ, ಯಾವಾಗಲೂ ಹೀಗೆಯೋ ಕೆಲವು ಹೊತ್ತಿನಲ್ಲಿ ಮಾತ್ರವೋ, ಅದಕ್ಕೆ ಸ್ವಲ್ಪ ಮೊದಲು ಪಂಪಿನ ಸುತ್ತಮುತ್ತ ಯಾರು ಏನು ಮಾಡಿದ್ದರು ಎಂಬುದನ್ನೂ ಸೇರಿಸಿ. ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಗೊತ್ತಾದ ಹೊತ್ತಿನಲ್ಲಿ ಮಾತ್ರ ನೀರು ಬಿಡುವ ಊರಿನಲ್ಲಿ ಕೆಳಗಿನ ಟಾಂಕಿಯ ಮಟ್ಟ ಗಂಟೆಗೊಂದು ರೀತಿ ಇರುತ್ತದೆ. ಆದ್ದರಿಂದ ಪ್ರತಿ ಸಲವೂ ನೀರಿನ ಮಟ್ಟವನ್ನು ಬರೆದಿಡಿ.

ಮಿಸ್ತ್ರಿಯ ಜೊತೆ ಮಾತಾಡುವಾಗಲೂ ಇದೇ ನಿಯಮ. ‘ಕೆಪಾಸಿಟರ್ ಬದಲ್ ದೋ’ ಎಂದರೆ ಅವನು ಬದಲಾಯಿಸಿಯೇ ಹೋಗುತ್ತಾನೆ. ‘ಬಂದ್ ಕರ್ನೇ ಕೇ ಬಾದ್ ಪಾನಿ ನೀಚೇ ಉತರ್ ಜಾತಾ ಹೈ’, ಅಂದರೆ ಬಂದ್ ಮಾಡಿದ ಮೇಲೆ ನೀರು ಕೆಳಗಿಳಿಯುತ್ತದೆ ಎಂದು ಹೇಳಿದರೆ ಸರಿಯಾದ ಜಾಗದಲ್ಲಿ ಹುಡುಕುತ್ತಾನೆ.

ಖರ್ಚಿಲ್ಲದ್ದನ್ನು ಮೊದಲು ನೋಡಿ

ಕೆಳಗಿನ ಟಾಂಕಿಯಲ್ಲಿ ನೀರಿದೆಯೇ, ನೀರನ್ನು ಮೇಲಕ್ಕೆ ಒಯ್ಯುವ ಡೆಲಿವರಿ ಪೈಪಿನ ವಾಲ್ವ್ ತೆರೆದಿದೆಯೇ, ಮೇಲಿನ ಟಾಂಕಿಯ ಫ್ಲೋಟ್ ಸಿಕ್ಕಿಕೊಂಡಿದೆಯೇ ನೋಡಿ.

ಯಂತ್ರವನ್ನು ಎರಡು ಭಾಗ ಮಾಡಿ

ಪಂಪಿನಲ್ಲಿ ಎರಡು ಭಾಗ: ತಿರುಗಿಸುವ ಮೋಟರ್, ನೀರನ್ನು ಎಳೆದು ದೂಡುವ ಭಾಗ. ಸ್ವಿಚ್ ಹಾಕಿ ಹಿಂದಿನ ಫ್ಯಾನನ್ನು ಜಾಲರಿಯ ಹೊರಗಿನಿಂದ ನೋಡಿ. ಅದು ಎಂದಿನ ವೇಗದಲ್ಲಿ, ಎಂದಿನ ಸದ್ದಿನಲ್ಲಿ ತಿರುಗುತ್ತಿದ್ದರೆ ಕೆಪಾಸಿಟರಿನ ಮಾತು ಅಲ್ಲಿಗೆ ಮುಗಿಯಿತು. ಹುಡುಕಬೇಕಾದದ್ದು ನೀರಿನ ಭಾಗದಲ್ಲಿ. ಗುಂಯ್ ಎಂದು ನಿಂತಲ್ಲೇ ನಿಂತರೆ ಕೂಡಲೇ ಬಂದ್ ಮಾಡಿ. ಆಗ ವೋಲ್ಟೇಜ್, ಕೆಪಾಸಿಟರ್, ಸಿಕ್ಕಿಕೊಂಡ ಇಂಪೆಲ್ಲರ್ ಎಂಬ ನೀರು ದೂಡುವ ಚಕ್ರ ಇವುಗಳ ಸರದಿ.

ನೀರಿಲ್ಲದೆ ಪಂಪನ್ನು ಕೆಲವು ಕ್ಷಣಕ್ಕಿಂತ ಹೆಚ್ಚು ಓಡಿಸಬೇಡಿ. ಒಳಗಿನ ಸೀಲಿಗೆ ನೀರೇ ತಂಪು, ನೀರೇ ಎಣ್ಣೆ. ಒಣ ಓಡಿದರೆ ಅದು ಸುಟ್ಟು, ಇದ್ದ ಒಂದು ದೋಷ ಎರಡಾಗುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ಹೆಚ್ಚಿನವರು ಎಡವುವುದು ಇಲ್ಲಿ, ಹಾಗಾಗಿ ಒಂದು ಉದಾಹರಣೆಯನ್ನು ಕೊನೆಯವರೆಗೂ ನೋಡೋಣ. ಲಕ್ಷಣ ಹೀಗಿದೆ: ಮೋಟರ್ ಸರಿಯಾಗಿ ಓಡುತ್ತದೆ, ಬೆಳಿಗ್ಗೆ ನೀರು ಬರುವುದಿಲ್ಲ. ಪಂಪಿನ ತಲೆಯ ಬಿರಡೆ ಬಿಚ್ಚಿ ನೀರು ತುಂಬಿಸಿದರೆ ಚೆನ್ನಾಗಿ ಏರುತ್ತದೆ, ಟಾಂಕಿ ತುಂಬುವವರೆಗೂ ನಿಲ್ಲುವುದಿಲ್ಲ. ಮರುದಿನ ಮತ್ತೆ ಖಾಲಿ. ತೊಂದರೆ ಶುರುವಾಗುವ ಹಿಂದಿನ ವಾರ ಕೆಳಗಿನ ಟಾಂಕಿಯನ್ನು ತೊಳೆಸಿದ್ದರು.

ಓಡುವಷ್ಟು ಹೊತ್ತೂ ನೀರು ಪೂರ್ತಿ ಬರುತ್ತಿದೆ ಎಂದರೆ ಇಂಪೆಲ್ಲರ್ ಸರಿಯಿದೆ, ದೊಡ್ಡ ಗಾಳಿಸೋರಿಕೆಯೂ ಇಲ್ಲ. ನಿಂತಾಗ ಮಾತ್ರ ನೀರು ಎಲ್ಲಿಗೋ ಇಳಿದುಹೋಗುತ್ತಿದೆ. ಅದಕ್ಕೆ ಇರುವ ಮುಖ್ಯ ದಾರಿಗಳು ಎರಡೇ: ಕೆಳಗಿನ ಟಾಂಕಿಯಿಂದ ನೀರೆಳೆಯುವ ಸಕ್ಷನ್ ಪೈಪಿನ ತುದಿಯ ಫುಟ್ ವಾಲ್ವ್, ಅಥವಾ ಪಂಪಿನಿಂದ ಅಲ್ಲಿಯವರೆಗಿನ ಪೈಪು ಮತ್ತು ಜಾಯಿಂಟುಗಳು. ಎರಡನ್ನೂ ಬೇರ್ಪಡಿಸುವ ಪರೀಕ್ಷೆಗೆ ಒಂದು ಬಕೆಟ್ ನೀರು, ಒಂದು ಟಾರ್ಚ್, ಸ್ವಲ್ಪ ಟಿಶ್ಯೂ ಕಾಗದ ಸಾಕು.

ಮೊದಲು ಮೀಟರ್ ರೂಮಿನಲ್ಲಿ ಪಂಪಿನ ಎಂಸಿಬಿ ಇಳಿಸಿ, ಅದರ ಮೇಲೆ ‘ಕೆಲಸ ನಡೆಯುತ್ತಿದೆ’ ಎಂದು ಚೀಟಿ ಅಂಟಿಸಿ. ಸ್ಟಾರ್ಟರ್ ಬಟನ್ ಒಂದನ್ನೇ ನಂಬಬೇಡಿ. ಸಂಜೆಯ ಪಾಳಿಯ ವಾಚ್‌ಮನ್‌ಗೆ ನೀವು ಕೆಳಗಿರುವುದು ಗೊತ್ತಿರುವುದಿಲ್ಲ. ಡೆಲಿವರಿ ವಾಲ್ವ್ ಮುಚ್ಚಿ, ಬಿರಡೆ ಬಿಚ್ಚಿ, ಬಾಯಿಯವರೆಗೆ ನೀರು ತುಂಬಿಸಿ.

ಮೊದಲ ಒಂದೆರಡು ನಿಮಿಷ ಮಟ್ಟ ಇಳಿದೇ ಇಳಿಯುತ್ತದೆ. ಅದು ಸೋರಿಕೆಯಲ್ಲ, ಪೈಪಿನಲ್ಲಿ ಸಿಕ್ಕಿದ್ದ ಗಾಳಿ ಗುಳುಗುಳು ಎಂದು ಮೇಲೆ ಬಂದು, ಆ ಜಾಗವನ್ನು ನೀರು ತುಂಬುತ್ತದೆ. ಈ ಇಳಿತವನ್ನು ನೋಡಿಯೇ ‘ಫುಟ್ ವಾಲ್ವ್ ಗಯಾ’ ಎಂದು ತೀರ್ಪು ಕೊಡುವವರು ಬಹಳ. ಗುಳ್ಳೆ ನಿಲ್ಲುವವರೆಗೆ ಮತ್ತೆ ಮತ್ತೆ ತುಂಬಿಸಿ. ನಿಂತ ಮೇಲೆ ಹತ್ತು ನಿಮಿಷ ಏನನ್ನೂ ಮುಟ್ಟದೆ ಮಟ್ಟವನ್ನು ಗಮನಿಸಿ.

ಮಟ್ಟ ಇಳಿಯದಿದ್ದರೆ ಸಕ್ಷನ್ ಭಾಗದಲ್ಲಿ ದೊಡ್ಡ ಸೋರಿಕೆ ಇಲ್ಲ. ಸಣ್ಣದಿದ್ದರೆ ರಾತ್ರಿಯಿಡೀ ಬಿಟ್ಟು ನೋಡಿದಾಗ ಮಾತ್ರ ಗೊತ್ತಾಗುತ್ತದೆ. ಇಳಿದರೆ ಟಿಶ್ಯೂ ತೆಗೆದುಕೊಂಡು ಪ್ರತಿ ಜಾಯಿಂಟನ್ನೂ ಸುತ್ತ ಒತ್ತಿ ನೋಡಿ. ಈಗ ಪೈಪಿನಲ್ಲಿ ನೀರು ನಿಂತಿದೆ, ಒತ್ತಡ ಹೊರಮುಖವಾಗಿದೆ. ಆದ್ದರಿಂದ ಬಿರುಕಿದ್ದರೆ ಅಲ್ಲಿ ತೇವ ಕಾಣಲೇಬೇಕು. ಪಂಪ್ ಓಡುವಾಗ ಅದೇ ಬಿರುಕು ನೀರನ್ನು ಹೊರಬಿಡದೆ ಗಾಳಿಯನ್ನು ಒಳಗೆಳೆಯುತ್ತದೆ. ಹಾಗಾಗಿ ಓಡುತ್ತಿರುವಾಗ ಪೈಪ್ ಒಣಗಿದೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಟಾಂಕಿಯ ಮುಚ್ಚಳ ತೆಗೆದು, ನೀರಿನ ಮೇಲಿರುವ ಪೈಪಿನ ಭಾಗವನ್ನೂ ಟಾರ್ಚ್ ಹಾಕಿ ನೋಡಿ.

ನಮ್ಮ ಉದಾಹರಣೆಯಲ್ಲಿ ಮಟ್ಟ ಇಳಿಯಿತು, ಕಾಗದ ಎಲ್ಲ ಕಡೆಯೂ ಒಣಗಿಯೇ ಇತ್ತು. ಉಳಿದದ್ದು ಫುಟ್ ವಾಲ್ವ್. ಅದನ್ನು ತೆಗೆಯಲು ಪೈಪನ್ನು ಬೇರ್ಪಡಿಸುವ ಯೂನಿಯನ್ ಜೋಡಣೆಯನ್ನು ಬಿಚ್ಚಿ ಪೈಪನ್ನು ಮೇಲಕ್ಕೆ ಎಳೆಯಿರಿ. ಮುಚ್ಚಿದ ಟಾಂಕಿಯೊಳಗೆ ಯಾರನ್ನೂ ಇಳಿಸಬೇಡಿ. ಅಲ್ಲಿ ಉಸಿರಾಡುವ ಗಾಳಿ ಇಲ್ಲದಿರಬಹುದು, ಇಂಥ ಟಾಂಕಿಗಳಲ್ಲಿ ಜೀವ ಹೋಗಿದೆ.

ವಾಲ್ವ್ ಕೈಗೆ ಬಂದ ಕೂಡಲೇ ಹೊಸದು ಹಾಕಿಬಿಡುವ ಆಸೆ ಬರುತ್ತದೆ. ಹಾಕಬೇಡಿ. ಮೊದಲು ತಲೆಕೆಳಗು ಮಾಡದೆ, ಬಾಯಿ ಮೇಲಿಟ್ಟು ನೀರು ಹೊಯ್ದು ಸೋರುವುದನ್ನು ಕಣ್ಣಾರೆ ನೋಡಿ. ಆಮೇಲೆ ಜಾಲರಿ ಬಿಚ್ಚಿ ಒಳಗಿನ ಮುಚ್ಚಳವನ್ನು ಬೆರಳಿನಿಂದ ಎತ್ತಿ ನೋಡಿ. ಇಲ್ಲಿ ಸಿಕ್ಕಿದ್ದು ರಬ್ಬರಿಗೂ ಅದು ಕೂರುವ ಜಾಗಕ್ಕೂ ನಡುವೆ ಸಿಮೆಂಟಿನ ಒಂದು ಚೂರು, ಸುತ್ತ ಹಳದಿ ಕೆಸರು. ರಬ್ಬರು ಹರಿದಿಲ್ಲ, ಗಟ್ಟಿಯೂ ಆಗಿಲ್ಲ. ಚೂರು ತೆಗೆದು ತೊಳೆದು ಮತ್ತೆ ನೀರು ಹೊಯ್ದರೆ ಒಂದು ಹನಿಯೂ ಇಳಿಯಲಿಲ್ಲ.

ಆದರೆ ಆ ಚೂರು ಕೂಡ ಮೂಲ ಕಾರಣವಲ್ಲ. ಟಾಂಕಿ ತೊಳೆದವರು ತಳದ ಕೆಸರನ್ನು ಕಲಕಿ ಪೂರ್ತಿ ತೆಗೆಯದೆ ಹೋಗಿದ್ದಾರೆ, ಪೈಪನ್ನು ಮರಳಿ ಇಳಿಸುವಾಗ ವಾಲ್ವ್ ತಳಕ್ಕೆ ತಾಗುವಂತೆ ಬಿಟ್ಟಿದ್ದಾರೆ. ತಳದಿಂದ ಸುಮಾರು ಒಂದು ಅಡಿ ಮೇಲಿರಬೇಕು. ಹೊಸ ವಾಲ್ವ್ ಹಾಕಿ ಅಲ್ಲೇ ಕೂರಿಸಿದ್ದರೆ ಅದೂ ಕೆಲವೇ ದಿನಗಳಲ್ಲಿ ಹೀಗೆಯೇ ಆಗುತ್ತಿತ್ತು. ‘ಹೊಸ ಮಾಲು ಸರಿಯಿಲ್ಲ’ ಎಂದು ಅಂಗಡಿಯವನ ಮೇಲೆ ತಪ್ಪು ಹೊರಿಸುವುದು ಮುಂದಿನ ಹಂತ.

ಈಗ ತೊಳೆದ ವಾಲ್ವನ್ನೇ ಮರಳಿ ಜೋಡಿಸಿ. ಬಿಚ್ಚಿದ ಪೈಪಿನ ತಿರುಪಿನ ಚೂಡಿಗೆ ಟೆಫ್ಲಾನ್ ಟೇಪನ್ನು ಬಿಗಿಸುವ ದಿಕ್ಕಿನಲ್ಲೇ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಸುವಾಗ ಮುದುಡಿ ಹೊರಬರುತ್ತದೆ. ಮೊದಲಿನ ಪರೀಕ್ಷೆಯನ್ನೇ ಮತ್ತೆ ಮಾಡಿ: ಗುಳ್ಳೆ ನಿಲ್ಲಲಿ, ಹತ್ತು ನಿಮಿಷ ನೋಡಿ, ಆಮೇಲೆ ರಾತ್ರಿಯಿಡೀ ಬಿಡಿ. ಪರೀಕ್ಷೆ ಬದಲಾದರೆ ಹಿಂದಿನ ಫಲದ ಜೊತೆ ಹೋಲಿಸಲಾಗುವುದಿಲ್ಲ. ಓಡಿಸುವ ಮೊದಲು ಬಿರಡೆ ಬಿಗಿಸಿ, ಡೆಲಿವರಿ ವಾಲ್ವನ್ನು ತೆರೆಯಿರಿ. ಅದನ್ನು ಮುಚ್ಚಿದ್ದು ನೀವೇ ಮಾಡಿದ ಬದಲಾವಣೆ. ಮರೆತರೆ ‘ಹೊಸ ದೋಷ’ ಬಂದಂತೆ ಕಾಣುತ್ತದೆ.

ಫಲ ಕೊಡದ ಬದಲಾವಣೆ ಹಿಂದಕ್ಕೆ

ಲಕ್ಷಣ ಬೇರೆ ಇರಬಹುದು: ತುಂಬಿಸಿದ ನೀರು ಇಳಿಯದೆ ನಿಲ್ಲುತ್ತದೆ, ಪಂಪ್ ಶುರುವಾದ ಕೆಲವು ನಿಮಿಷಕ್ಕೆ ನೀರು ಕಡಿಮೆಯಾಗಿ ಕೆಮ್ಮುತ್ತದೆ. ಆಗ ಗಾಳಿಯನ್ನು ಅನುಮಾನಿಸಿ. ಪಂಪ್ ಓಡುತ್ತಿರುವಾಗ ಒಂದು ಜಾಯಿಂಟಿಗೆ ದಪ್ಪ ಗ್ರೀಸ್ ಬಳಿದು ಸದ್ದು ಕೇಳಿ. ಬದಲಾಗಲಿಲ್ಲವೇ? ಒರೆಸಿ, ಮುಂದಿನದಕ್ಕೆ ಹೋಗಿ. ಸ್ವಲ್ಪ ಮಾತ್ರ ಸುಧಾರಿಸಿತೇ? ಎರಡನೆಯ ತೂತು ಇನ್ನೆಲ್ಲೋ ಇದೆ; ಬಳಿದ ಗ್ರೀಸನ್ನು ಹಾಗೆಯೇ ಬಿಟ್ಟು ಮುಂದೆ ಹುಡುಕಿ. ಒದ್ದೆ ಪೈಪಿನ ಮೇಲೆ ಮಾಮೂಲಿ ಎಪಾಕ್ಸಿ ಪುಟ್ಟಿ ಮೆತ್ತುವುದನ್ನು ಬಿಟ್ಟುಬಿಡಿ. ಅದು ಸರಿಯಾಗಿ ಹಿಡಿಯುವುದಿಲ್ಲ, ತೂತು ಎಲ್ಲಿತ್ತು ಎಂಬ ಗುರುತನ್ನೂ ಮುಚ್ಚಿಹಾಕುತ್ತದೆ.

ಹೊಸ ಭಾಗ ಹಾಕಲೇಬೇಕಾಗಿ ಬಂದರೆ ಹಳೆಯದನ್ನು ಗುಜರಿ ಕೊಳ್ಳುವ ಭಂಗಾರಿಯವನಿಗೆ ಕೊಡಬೇಡಿ. ಅನುಮಾನವಿದ್ದರೆ ಹಳೆಯದನ್ನೇ ಒಂದು ಸಲ ಮರಳಿ ಹಾಕಿ ನೋಡಿ. ದೋಷ ಮರಳಿದರೆ ಕಾರಣ ಸಿಕ್ಕಿತು. ಮರಳದಿದ್ದರೆ ಭಾಗ ಸರಿಯಾಗಿಯೇ ಇತ್ತು. ಬಿಚ್ಚಿ ಜೋಡಿಸುವಾಗ ಸಡಿಲವಿದ್ದ ಇನ್ನೇನೋ ಬಿಗಿಯಾಗಿರಬಹುದು. ಫುಟ್ ವಾಲ್ವ್ ಕೊಳ್ಳುವುದಾದರೆ ಹಿತ್ತಾಳೆಯದನ್ನೇ ಕೊಳ್ಳಿ. ತೆಳು ಪ್ಲಾಸ್ಟಿಕ್‌ನದು ಬಿಗಿಸುವಾಗಲೇ ಸೀಳಿ, ನೀವು ಹುಡುಕುತ್ತಿರುವ ದೋಷವನ್ನೇ ಹೊಸದಾಗಿ ತಂದುಕೊಡುತ್ತದೆ.

ಎಲ್ಲಿ ಕೈ ಬಿಡಬೇಕು

ಪಂಪಿನ ಮೈ ಮುಟ್ಟಿದರೆ ಜುಮ್ ಎನ್ನುವುದು, ಸ್ವಿಚ್ ಹಾಕಿದೊಡನೆ ಎಂಸಿಬಿ ಬೀಳುವುದು, ಮೋಟರಿನಿಂದ ಸುಟ್ಟ ವಾಸನೆ ಬರುವುದು: ಇವುಗಳಲ್ಲಿ ಒಂದು ಕಂಡರೂ ಮತ್ತೊಮ್ಮೆ ಸ್ವಿಚ್ ಹಾಕಿ ಪರೀಕ್ಷಿಸಬೇಡಿ. ಎಂಸಿಬಿ ಇಳಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಕೆಪಾಸಿಟರ್ ಬಿಚ್ಚುವ ಕೆಲಸವೂ ಅವನದೇ, ಏಕೆಂದರೆ ಕರೆಂಟು ತೆಗೆದ ಮೇಲೂ ಅದರಲ್ಲಿ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು. ಅವನು ಬಂದಾಗ ಲಕ್ಷಣ, ಹೊತ್ತು, ನೀರಿನ ಮಟ್ಟ, ಮಾಡಿದ ಪ್ರತಿ ಬದಲಾವಣೆ ಮತ್ತು ಅದರ ಫಲ ಬರೆದಿರುವ ಆ ಪುಸ್ತಕವನ್ನು ಕೈಗೆ ಕೊಡಿ.